ಮೈನಸ್ ಇಂಟು ಮೈನಸ್ ಪ್ಲಸ್ ಹೇಗೆ? ಮಗ್ಗಿ, ಕೇರಂ ಕಾಯಿ ಮತ್ತು ಎರಡು ಸಲ ‘ಹಿಂದೆ ತಿರುಗು’

ಅಕ್ಕನ ಮಗಳು ಏಳನೇ ತರಗತಿಯಲ್ಲಿದ್ದಾಳೆ. ಒಂದು ಸಂಜೆ ಲೆಕ್ಕದ ಪುಸ್ತಕ ತಂದು ಎದುರಿಗೆ ಕೂತವಳು, “ಮಾವ, ಋಣ ಅಂದರೆ ಸಾಲ ಎಂದು ನೀವೇ ಹೇಳಿದಿರಿ. ಸಾಲಕ್ಕೆ ಸಾಲ ಗುಣಿಸಿದರೆ ಕೈಗೆ ದುಡ್ಡು ಹೇಗೆ ಬರುತ್ತದೆ?” ಎಂದು ಕೇಳಿದಳು. ತರಗತಿಯಲ್ಲಿ “ಮೈನಸ್ ಇಂಟು ಮೈನಸ್ ಪ್ಲಸ್” ಎಂದು ಬಾಯಿಪಾಠ ಮಾಡಿಸಿದ್ದರು. ಅವಳಿಗೆ ಸೂತ್ರ ಬರುತ್ತಿತ್ತು, ಲೆಕ್ಕವೂ ಸರಿಯಾಗಿಯೇ ಬರುತ್ತಿತ್ತು. ಒಪ್ಪಿಗೆ ಮಾತ್ರ ಆಗಿರಲಿಲ್ಲ.

ಇದೇ ಪ್ರಶ್ನೆಯನ್ನು ಇನ್ನೂರು ವರ್ಷಗಳಿಗಿಂತ ಹಿಂದೆ ಫ್ರಾನ್ಸಿನ ಗ್ರೆನೋಬಲ್ ಊರಿನ ಒಬ್ಬ ಹುಡುಗ ಕೇಳಿಕೊಂಡಿದ್ದ. ಮುಂದೆ ಸ್ಟೆಂಡಾಲ್ ಎಂಬ ಹೆಸರಿನಲ್ಲಿ ದೊಡ್ಡ ಕಾದಂಬರಿಕಾರನಾದ. ಹತ್ತು ಸಾವಿರ ಫ್ರಾಂಕ್ ಸಾಲವನ್ನು ಐನೂರು ಫ್ರಾಂಕ್ ಸಾಲದಿಂದ ಗುಣಿಸಿದರೆ ಐವತ್ತು ಲಕ್ಷದ ಆಸ್ತಿ ಬರುವುದು ಹೇಗೆ ಎಂಬ ಗೊಂದಲಕ್ಕೆ ತನ್ನ ಗುರುಗಳಿಂದ ತೃಪ್ತಿಕರ ಉತ್ತರ ಸಿಗಲಿಲ್ಲವೆಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅವನ ಪ್ರಶ್ನೆಯಲ್ಲೇ ಒಂದು ತೊಡಕಿದೆ. ಸಾಲವನ್ನು ಸಾಲದಿಂದ ಗುಣಿಸಲು ಬರುವುದಿಲ್ಲ. ಹಾಗೆ ನೋಡಿದರೆ ರೂಪಾಯಿಯನ್ನು ರೂಪಾಯಿಯಿಂದ ಗುಣಿಸಲೂ ಬರುವುದಿಲ್ಲ. ಐದು ರೂಪಾಯಿಯ ಮೂರು ಪೆನ್ಸಿಲ್ ಎಂದರೆ ಹದಿನೈದು ರೂಪಾಯಿ. ಐದು ರೂಪಾಯಿ ಗುಣಿಸು ಮೂರು ರೂಪಾಯಿ ಎಂದರೆ ಏನೂ ಅಲ್ಲ. ಗುಣಾಕಾರದಲ್ಲಿ ಒಂದು ಸಂಖ್ಯೆ ವಸ್ತುವನ್ನು ಹೇಳುತ್ತದೆ, ಇನ್ನೊಂದು ಆ ವಸ್ತುವನ್ನು ಏನು ಮಾಡಬೇಕೆಂದು ಹೇಳುತ್ತದೆ. ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡರೆ ಮುಂದಿನ ದಾರಿ ಸಲೀಸು.

ಆ ಸಂಜೆ ನಾವು ಮಾಡಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಮನೆಯಲ್ಲಿ ಇದೇ ವಯಸ್ಸಿನ ಮಕ್ಕಳಿದ್ದರೆ ಹಾಗೆಯೇ ಮಾಡಿ ನೋಡಬಹುದು. ಒಂದು ಹಾಳೆ, ಕೇರಂ ಕಾಯಿಗಳ ಡಬ್ಬಿ, ಒಂದು ತುಂಡು ಸೀಮೆಸುಣ್ಣ, ನಡೆದಾಡಲು ಸ್ವಲ್ಪ ಜಾಗ ಇದ್ದರೆ ಸಾಕು. ಉದ್ದಕ್ಕೂ ಒಂದೇ ಲೆಕ್ಕ ಹಿಡಿದುಕೊಳ್ಳೋಣ: (−3) × (−2).

ಶುರು ಮಾಡುವ ಮುನ್ನ

ಮಗುವಿಗೆ ಎರಡು ವಿಷಯ ಗೊತ್ತಿರಬೇಕು. ಸೊನ್ನೆಯ ಎಡಕ್ಕೆ −1, −2, −3 ಎಂದು ಸಂಖ್ಯೆಗಳು ಸಾಗುತ್ತವೆ ಎಂಬುದು ಒಂದು. ಮೂರಕ್ಕೆ ಋಣ ಮೂರನ್ನು ಕೂಡಿಸಿದರೆ ಸೊನ್ನೆ ಎಂಬುದು ಇನ್ನೊಂದು. ಎರಡನೆಯದು ಗಟ್ಟಿಯಾಗಿಲ್ಲದಿದ್ದರೆ ಗುಣಾಕಾರಕ್ಕೆ ಹೋಗಲೇಬೇಡಿ. ಆ ದಿನ ಕೂಡಿಸುವುದನ್ನೇ ಮಾಡಿಸಿ, ಇದನ್ನು ನಾಳೆಗೆ ಇಡಿ.

ಓದುವ ಕ್ರಮವೊಂದನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ನಮ್ಮ ಮಗ್ಗಿಯಲ್ಲಿ “ಮೂರು ಎರಡ್ಲ ಆರು” ಎನ್ನುತ್ತೇವೆ. ಮೂರನ್ನು ಎರಡು ಸಲ ತೆಗೆದುಕೊಂಡರೆ ಆರು ಎಂದು ಅದರ ಅರ್ಥ. ಅಂದರೆ 3 × 2 ಎಂದು ಬರೆದಾಗ ಮೊದಲನೆಯದು ವಸ್ತು, ಎರಡನೆಯದು ಸಲ. ಕೆಲವು ಪುಸ್ತಕಗಳು ಇದನ್ನು ತಿರುಗಿಸಿ ಓದುತ್ತವೆ, ಉತ್ತರ ಬದಲಾಗುವುದಿಲ್ಲ. ಆದರೆ ವಿವರಿಸುವಾಗ ನಡುವೆ ಕ್ರಮ ಬದಲಾಯಿಸಿದರೆ ಮಗು ದಾರಿ ತಪ್ಪುತ್ತದೆ. ಮಗ್ಗಿಯ ಕ್ರಮವನ್ನೇ ಹಿಡಿಯಿರಿ, ಅದು ಅವರ ಬಾಯಲ್ಲಿ ಈಗಾಗಲೇ ಇದೆ.

ಮೊದಲ ಹೆಜ್ಜೆ: ಋಣ ಮೂರರ ಮಗ್ಗಿ

ಮೂರರ ಮಗ್ಗಿ ಎಲ್ಲರಿಗೂ ಬರುತ್ತದೆ. ಋಣ ಮೂರರ ಮಗ್ಗಿ ಬರೆಯಲು ಹೇಳಿ. (−3) ಒಂದು ಸಲ ಎಂದರೆ −3. ಎರಡು ಸಲ ಎಂದರೆ −3 ಮತ್ತು −3, ಒಟ್ಟು −6. ಮೂರು ಸಲ ಎಂದರೆ −9. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಮೂರು ರೂಪಾಯಿಯ ಸಾಲ ಮೂರು ಸಲ ಮಾಡಿದರೆ ಒಂಬತ್ತು ರೂಪಾಯಿ ಸಾಲ, ಅಷ್ಟೇ.

ಈಗ ಅದೇ ಮಗ್ಗಿಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸುತ್ತ ಬರೆಸಿ:

(−3) × 3 = −9
(−3) × 2 = −6
(−3) × 1 = −3
(−3) × 0 = 0
(−3) × (−1) = ?
(−3) × (−2) = ?

ಉತ್ತರಗಳ ಸಾಲನ್ನು ಮಾತ್ರ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಓದಿಸಿ. −9, −6, −3, 0. ಒಂದೊಂದು ಸಾಲಿಗೂ ಉತ್ತರ ಮೂರು ಮೂರು ಏರುತ್ತಿದೆ. ಇಲ್ಲಿ ಸ್ವಲ್ಪ ತಡೆಯಿರಿ. ಇಳಿಸುತ್ತ ಬರೆಯುತ್ತಿದ್ದರೂ ಉತ್ತರ ಏರುತ್ತಿದೆ ಎಂಬುದನ್ನು ಮಗು ತಾನಾಗಿ ಗಮನಿಸಲಿ. ಕೆಲವರು “ಮೂರು ಕಡಿಮೆಯಾಗುತ್ತಿದೆ” ಎನ್ನುತ್ತಾರೆ. 9, 6, 3 ಎಂದು ಮೈನಸ್ ಬಿಟ್ಟು ಓದಿರುತ್ತಾರೆ. ಒಂಬತ್ತು ರೂಪಾಯಿಯ ಸಾಲಗಾರ ಆರು ರೂಪಾಯಿಯ ಸಾಲಗಾರನಾದರೆ ಅವನ ಸ್ಥಿತಿ ಮೇಲಾಯಿತೋ ಕೆಳಗಾಯಿತೋ ಎಂದು ಕೇಳಿದರೆ ಸಾಕು, ಸರಿಪಡಿಸಿಕೊಳ್ಳುತ್ತಾರೆ.

ಸೊನ್ನೆಯಾದ ಮೇಲೆ ಅದೇ ಲೆಕ್ಕದಲ್ಲಿ ಏರಿದರೆ ಮುಂದಿನದು 3, ಅದರ ಮುಂದಿನದು 6. ಹಾಗಾದರೆ (−3) × (−2) = 6.

ಬಹುತೇಕ ಪುಸ್ತಕಗಳು ಇಲ್ಲಿಗೆ ಕೈತೊಳೆದುಕೊಳ್ಳುತ್ತವೆ. ನಮ್ಮ ಹುಡುಗಿ ಬಿಡಲಿಲ್ಲ. “ಸೊನ್ನೆಯವರೆಗೆ ಮೂರು ಮೂರು ಏರಿತು, ಸರಿ. ಸೊನ್ನೆ ದಾಟಿದ ಮೇಲೆ ಬೇರೆ ಥರ ಇರಬಹುದಲ್ಲ? ಚೆಂಡು ಗೋಡೆಗೆ ತಾಗಿ ವಾಪಸು ಬರುವುದಿಲ್ಲವೇ?” ಎಂದಳು. ಇದು ಬಹಳ ಸರಿಯಾದ ಆಕ್ಷೇಪ. ಮಾದರಿ ಎಷ್ಟು ಅಚ್ಚುಕಟ್ಟಾಗಿದ್ದರೂ ಅದು ಮುಂದುವರಿಯಲೇಬೇಕು ಎಂಬುದಕ್ಕೆ ಅಚ್ಚುಕಟ್ಟುತನ ಪುರಾವೆಯಲ್ಲ. ಸಾಲು ಸಾಲಿಗೂ ಮೂರು ಏರುವುದಕ್ಕೆ ಏನು ಕಾರಣ, ಆ ಕಾರಣ ಸೊನ್ನೆಯ ಆಚೆಗೂ ನಿಲ್ಲುತ್ತದೆಯೇ ಎಂದು ನೋಡಬೇಕು. ಅದಕ್ಕೇ ಕೇರಂ ಕಾಯಿ.

ಎರಡನೆಯ ಹೆಜ್ಜೆ: ಇಡುವುದು, ತೆಗೆಯುವುದು

ಕೇರಂ ಡಬ್ಬಿಯಲ್ಲಿ ಒಂಬತ್ತು ಬಿಳಿ, ಒಂಬತ್ತು ಕಪ್ಪು ಕಾಯಿಗಳಿರುತ್ತವೆ. ಕೆಂಪು ಕಾಯಿಯನ್ನು ಪಕ್ಕಕ್ಕಿಡಿ. ಬಿಳಿ ಕಾಯಿ ಒಂದಕ್ಕೆ +1, ಕಪ್ಪು ಕಾಯಿ ಒಂದಕ್ಕೆ −1 ಬೆಲೆ. ಒಂದು ಬಿಳಿಯೂ ಒಂದು ಕಪ್ಪೂ ಜೊತೆಗಿದ್ದರೆ ಎರಡೂ ಸೇರಿ ಸೊನ್ನೆ. ಆದ್ದರಿಂದ ಅಂಥ ಜೋಡಿಗಳನ್ನು ಎಷ್ಟು ಇಟ್ಟರೂ ಹಲಗೆಯ ಮೇಲಿನ ಬೆಲೆ ಬದಲಾಗುವುದಿಲ್ಲ. ಇದೊಂದನ್ನು ಮಗುವಿನ ಬಾಯಿಂದಲೇ ಹೇಳಿಸಿ.

ಒಂಬತ್ತು ಜೋಡಿಯನ್ನೂ ಹಲಗೆಯ ಮೇಲೆ ಹರಡಿ. “ಈಗ ಹಲಗೆಯ ಬೆಲೆ ಎಷ್ಟು?” ಸೊನ್ನೆ. ಈಗ ಮಗ್ಗಿಯ ‘ಸಲ’ಕ್ಕೆ ಅರ್ಥ ಕೊಡೋಣ. ಎರಡು ಸಲ ಎಂದರೆ ಎರಡು ಸಲ ಇಡುವುದು. ಋಣ ಎರಡು ಸಲ ಎಂದರೆ ಎರಡು ಸಲ ತೆಗೆಯುವುದು. ಇಡುವುದರ ವಿರುದ್ಧ ತೆಗೆಯುವುದು. ಇದಕ್ಕಿಂತ ಸಹಜವಾದ ಅರ್ಥವನ್ನು ‘ಋಣ ಎರಡು ಸಲ’ ಎಂಬ ಮಾತಿಗೆ ಕೊಡುವುದು ಕಷ್ಟ.

ಮೊದಲು 3 × (−2) ಮಾಡಿಸಿ. ವಸ್ತು ಮೂರು ಬಿಳಿ, ಅದನ್ನು ಎರಡು ಸಲ ತೆಗೆಯಬೇಕು. ಮೂರು ಬಿಳಿ ಕಾಯಿ ತೆಗೆದಳು, ಮತ್ತೆ ಮೂರು ಬಿಳಿ ತೆಗೆದಳು. ಹಲಗೆಯ ಮೇಲೆ ಮೂರು ಬಿಳಿ, ಒಂಬತ್ತು ಕಪ್ಪು. ಮೂರು ಜೋಡಿ ಸೊನ್ನೆಯಾಗಿ ಹೋದರೆ ಉಳಿದದ್ದು ಆರು ಕಪ್ಪು. ಉತ್ತರ −6. ಮೂರನ್ನು ಋಣ ಎರಡರಿಂದ ಗುಣಿಸಿದರೆ −6 ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಆಟದ ನಿಯಮ ಮೋಸವಲ್ಲ ಎಂದು ಇಲ್ಲಿ ನಂಬಿಕೆ ಹುಟ್ಟುತ್ತದೆ.

ಮತ್ತೆ ಒಂಬತ್ತು ಜೋಡಿ ಹರಡಿ, ಈಗ (−3) × (−2). ವಸ್ತು ಮೂರು ಕಪ್ಪು, ಎರಡು ಸಲ ತೆಗೆಯಬೇಕು. ಮೂರು ಕಪ್ಪು ತೆಗೆದಳು. ಮತ್ತೆ ಮೂರು ಕಪ್ಪು ತೆಗೆದಳು. ಹಲಗೆಯ ಮೇಲೆ ಒಂಬತ್ತು ಬಿಳಿ, ಮೂರು ಕಪ್ಪು. ಜೋಡಿಗಳನ್ನು ಬದಿಗೆ ಸರಿಸಿದರೆ ಆರು ಬಿಳಿ ಕಾಯಿಗಳು ಕಣ್ಣೆದುರಿಗೆ ಉಳಿದವು.

ಅವಳು ಸ್ವಲ್ಪ ಹೊತ್ತು ಕಾಯಿಗಳನ್ನೇ ನೋಡುತ್ತಿದ್ದಳು. ಆಮೇಲೆ, “ಬಿಳಿ ಕಾಯಿಯನ್ನು ನಾನು ಮುಟ್ಟಲೇ ಇಲ್ಲ” ಎಂದಳು. ನಿಜ, ಮುಟ್ಟಿರಲಿಲ್ಲ. ಹೊಸದಾಗಿ ಏನೂ ಬಂದಿಲ್ಲ, ಅದಕ್ಕೆ ಎದುರಾಗಿ ಕೂತಿದ್ದ ಕಪ್ಪು ಹೋಯಿತು, ಅಷ್ಟೇ. ಅವಳ ಸಾಲದ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಮುನ್ನೂರು ರೂಪಾಯಿಯ ಸಾಲದ ಚೀಟಿ ಎರಡಿವೆ; ಕೊಟ್ಟವನು ಎರಡನ್ನೂ ಹರಿದು ಹಾಕಿದ. ಸಾಲಗಾರನ ಸ್ಥಿತಿ ಆರುನೂರು ರೂಪಾಯಿಯಷ್ಟು ಮೇಲಾಯಿತು. ಸಾಲ ಇರುವುದು ಮೊದಲನೆಯ ಋಣದಲ್ಲಿ. ಎರಡನೆಯ ಋಣ ಸಾಲವಲ್ಲ, ಹರಿಯುವ ಕೆಲಸ. ಸ್ಟೆಂಡಾಲ್ ಎರಡನ್ನೂ ಸಾಲವೆಂದುಕೊಂಡ, ಅದಕ್ಕೇ ಸಿಕ್ಕಿಬಿದ್ದ.

ಈಗ ಮಗ್ಗಿಯ ಹಾಳೆಗೆ ಮರಳಿ. ಒಂದು ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯುವುದು ಎಂದರೆ ಮೂರು ಕಪ್ಪು ಕಾಯಿಯ ಒಂದು ಗುಂಪನ್ನು ತೆಗೆಯುವುದು. −9ರಿಂದ ಒಂದು ಗುಂಪು ತೆಗೆದರೆ −6, ಇನ್ನೊಂದು ತೆಗೆದರೆ −3, ಇನ್ನೊಂದು ತೆಗೆದರೆ 0. ಸೊನ್ನೆಯಲ್ಲಿ ತೆಗೆಯಲು ಕಪ್ಪು ಕಾಯಿಯೇ ಇಲ್ಲ ಅನ್ನಿಸುತ್ತದೆ. ಆದರೆ ಸೊನ್ನೆ ಎಂದರೆ ಖಾಲಿ ಹಲಗೆಯೇ ಆಗಬೇಕಾಗಿಲ್ಲ. ಮೂರು ಜೋಡಿ ಇರುವ ಹಲಗೆಯೂ ಸೊನ್ನೆಯೇ. ಅದರಿಂದ ಮೂರು ಕಪ್ಪು ತೆಗೆಯಿರಿ, ಮೂರು ಬಿಳಿ ಉಳಿಯುತ್ತದೆ. ಸೊನ್ನೆಯ ಈಚೆಗೂ ಆಚೆಗೂ ಮಾಡುತ್ತಿರುವ ಕೆಲಸ ಒಂದೇ. ಅದಕ್ಕೇ ಚೆಂಡು ಗೋಡೆಗೆ ತಾಗುವುದಿಲ್ಲ; ಅಲ್ಲಿ ಗೋಡೆಯೇ ಇಲ್ಲ.

ಕಾಯಿ ಬೇಡ, ಬರಹದಲ್ಲೇ ತೋರಿಸಿ ಎನ್ನುವ ದೊಡ್ಡವರಿಗೆ ಇದೇ ಮಾತು ಎರಡು ಸಾಲಿನಲ್ಲಿ:

3 + (−3) = 0
3 × (−2) + (−3) × (−2) = 0 × (−2) = 0

ಎರಡನೆಯ ಸಾಲಿನ ಮೊದಲ ಭಾಗ −6. ಋಣ ಆರಕ್ಕೆ ಏನನ್ನು ಕೂಡಿಸಿದರೆ ಸೊನ್ನೆ? ಆರನ್ನು. ಹಾಗಾಗಿ (−3) × (−2) ಆರಲ್ಲದೆ ಬೇರೆ ಆಗಲು ಸಾಧ್ಯವಿಲ್ಲ. ಇಲ್ಲಿ ಬಳಸಿದ್ದು ವಿತರಣಾ ನಿಯಮ ಒಂದನ್ನೇ, ಅಂದರೆ ಒಟ್ಟಿಗೆ ಗುಣಿಸಿದರೂ ಬಿಡಿಬಿಡಿಯಾಗಿ ಗುಣಿಸಿ ಕೂಡಿಸಿದರೂ ಒಂದೇ ಎಂಬ ನಿಯಮ. ಆ ನಿಯಮ ಋಣಸಂಖ್ಯೆಗಳಿಗೂ ನಡೆಯಬೇಕು ಎಂದು ಒಪ್ಪಿದ ಕ್ಷಣದಲ್ಲೇ ಉತ್ತರ ತೀರ್ಮಾನವಾಗಿಬಿಡುತ್ತದೆ. ಒಪ್ಪದಿದ್ದರೆ ಬೇರೆ ಉತ್ತರ ಇಟ್ಟುಕೊಳ್ಳಬಹುದು, ಆದರೆ ಆಗ ಇದುವರೆಗೆ ಕಲಿತ ಲೆಕ್ಕವೆಲ್ಲ ಕೈಕೊಡುತ್ತದೆ. ಹೇಗೆ ಎಂಬುದನ್ನು ಕೊನೆಯಲ್ಲಿ ನೋಡೋಣ.

ಮೂರನೆಯ ಹೆಜ್ಜೆ: ತಾರಸಿಯ ಮೇಲೆ ಹಿಂದೆ ತಿರುಗು

ಕಾಯಿಗಳ ಆಟದಿಂದ ಒಪ್ಪಿಗೆ ಬರುತ್ತದೆ, ಆದರೆ ಪರೀಕ್ಷೆಯ ನಡುವೆ ಯಾರೂ ಕೇರಂ ಹಲಗೆ ಹರಡುವುದಿಲ್ಲ. ಮೈಗೆ ನೆನಪಿರುವಂಥದ್ದು ಒಂದು ಬೇಕು. ಅದಕ್ಕೆ ನಾವು ತಾರಸಿಗೆ ಹೋದೆವು.

ಸೀಮೆಸುಣ್ಣದಲ್ಲಿ ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ಒಂದು ಗೆರೆ ಎಳೆದು, ಒಂದೊಂದು ಅಡಿಗೆ ಒಂದರಂತೆ ಹದಿಮೂರು ಗುರುತು ಹಾಕಿದೆವು. ನಡುವಿನದು ಸೊನ್ನೆ. ಪೂರ್ವಕ್ಕೆ 1ರಿಂದ 6, ಪಶ್ಚಿಮಕ್ಕೆ −1ರಿಂದ −6. ತಾರಸಿಯ ಪೂರ್ವದ ತುದಿಯಲ್ಲಿ ತುಳಸಿ ಕುಂಡವಿತ್ತು, ಪಶ್ಚಿಮದಲ್ಲಿ ಮೆಟ್ಟಿಲ ಬಾಗಿಲು. ಅಂದರೆ ತುಳಸಿಯ ಕಡೆ ಧನ, ಬಾಗಿಲ ಕಡೆ ಋಣ.

ಶಾಲೆಯ ಕವಾಯತಿನಲ್ಲಿ ‘ಹಿಂದೆ ತಿರುಗು’ ಎನ್ನುತ್ತಾರಲ್ಲ, ಅದೇ ಇಲ್ಲಿನ ಆಜ್ಞೆ. ನಿಯಮಗಳು ಹೀಗೆ. ಪ್ರತಿ ಲೆಕ್ಕಕ್ಕೂ ಸೊನ್ನೆಯ ಮೇಲೆ ತುಳಸಿ ಕುಂಡಕ್ಕೆ ಮುಖ ಮಾಡಿ ನಿಲ್ಲಬೇಕು. ಲೆಕ್ಕದಲ್ಲಿ ಒಂದು ಮೈನಸ್ ಕಂಡರೆ ಒಂದು ಸಲ ಹಿಂದೆ ತಿರುಗಬೇಕು. ಇನ್ನೊಂದು ಕಂಡರೆ ನಿಂತ ನಿಲುವಿನಿಂದಲೇ ಇನ್ನೊಂದು ಸಲ. ಚಿಹ್ನೆಗಳೆಲ್ಲ ಮುಗಿದ ಮೇಲೆ ಸಂಖ್ಯೆಗಳನ್ನು ಮಾತ್ರ ಗುಣಿಸಿ ಅಷ್ಟು ಗುರುತು ನಡೆಯಬೇಕು. ನಡೆಯುವುದು ಯಾವಾಗಲೂ ಮುಖ ಇರುವ ಕಡೆಗೇ.

3 × 2: ತಿರುಗುವುದಿಲ್ಲ. ಮೂರು ಗುರುತಿನ ನಡಿಗೆ ಎರಡು ಸಲ. ನಿಂತದ್ದು 6ರ ಮೇಲೆ.

(−3) × 2: ಒಂದು ಸಲ ಹಿಂದೆ ತಿರುಗು. ಮುಖ ಬಾಗಿಲ ಕಡೆ. ಆರು ಗುರುತು ನಡೆದರೆ −6.

3 × (−2): ಇಲ್ಲೂ ಒಂದೇ ತಿರುವು, ಇಲ್ಲೂ −6.

(−3) × (−2): ಹಿಂದೆ ತಿರುಗು, ಮುಖ ಬಾಗಿಲಿಗೆ. ಮತ್ತೆ ಹಿಂದೆ ತಿರುಗು, ಮುಖ ತುಳಸಿಗೆ. ಆರು ಗುರುತು ನಡೆದರೆ 6.

ಎರಡು ಸಲ ತಿರುಗಿದವರು ತಿರುಗದವರಂತೆಯೇ ನಿಲ್ಲುತ್ತಾರೆ. ಇಷ್ಟು ಹೇಳಲು ಮಾತೇ ಬೇಕಾಗುವುದಿಲ್ಲ. ಒಂದು ಸಲ ಮೈಯನ್ನು ತಿರುಗಿಸಿದವರು ಮರೆಯುವುದಿಲ್ಲ.

ಮೈನಸ್ ಎಂದರೆ ತಿರುವು ಎಂಬ ನಿಯಮವನ್ನು ನಾವು ಸುಮ್ಮನೆ ಹೇರಿದೆವೇ ಎಂದು ಯಾರಾದರೂ ಕೇಳಿದರೆ ಕೇರಂ ಹಲಗೆಯನ್ನು ನೆನಪಿಸಿ. ಇಡುವುದನ್ನು ತೆಗೆಯುವುದಾಗಿ ಬದಲಾಯಿಸಿದಾಗ ಆರು ಬಿಳಿ ಆರು ಕಪ್ಪಾಯಿತು, ಆರು ಕಪ್ಪು ಆರು ಬಿಳಿಯಾಯಿತು. ಗೆರೆಯ ಮೇಲೆ ಅದು ಸೊನ್ನೆಯ ಈ ಬದಿಯಿಂದ ಅಷ್ಟೇ ದೂರದ ಆ ಬದಿಗೆ ಹಾರಿದಂತೆ. ತಿರುವು ಆ ಬದಲಾವಣೆಯ ಚಿತ್ರ, ಹೊಸ ನಿಯಮವಲ್ಲ.

ಈ ಆಟ ಕೆಡುವುದು ಎರಡು ಕಡೆ. ಕೆಲವು ಮಕ್ಕಳು ಮೊದಲ ಮೈನಸ್‌ಗೆ ತಿರುಗಿ, ಎರಡನೆಯದಕ್ಕೆ ತಿರುಗದೆ ಹಿಮ್ಮುಖವಾಗಿ ನಡೆಯುತ್ತಾರೆ. ಹಾಗೆ ಮಾಡಿದರೂ ಉತ್ತರ 6 ಬರುತ್ತದೆ, ಆದ್ದರಿಂದ ತಪ್ಪು ಎನ್ನುವಂತಿಲ್ಲ. ಆದರೆ ಮೂರು ಮೈನಸ್ ಬಂದಾಗ ಮೂರನೆಯದಕ್ಕೆ ಏನು ಮಾಡಬೇಕೆಂದು ತೋಚದೆ ನಿಲ್ಲುತ್ತಾರೆ. ಮುಮ್ಮುಖ ನಡಿಗೆ ಮಾತ್ರ ಎಂಬ ನಿಯಮ ಅದಕ್ಕಾಗಿ. ಇನ್ನು ಕೆಲವರು ಮೈನಸ್ ಕಂಡಾಗಲೆಲ್ಲ ‘ಬಾಗಿಲ ಕಡೆ ನೋಡು’ ಎಂದು ಅರ್ಥ ಮಾಡಿಕೊಂಡು ಎರಡನೆಯ ಮೈನಸ್‌ಗೆ ಅಲ್ಲಾಡುವುದೇ ಇಲ್ಲ, ಈಗಾಗಲೇ ಬಾಗಿಲನ್ನೇ ನೋಡುತ್ತಿದ್ದೇನಲ್ಲ ಎಂದು. ಋಣ ಎಂಬುದು ಒಂದು ದಿಕ್ಕಿನ ಹೆಸರು ಮಾತ್ರ ಎಂದು ತಿಳಿದವರ ತಪ್ಪು ಇದು. ಗುಣಾಕಾರದಲ್ಲಿ ಅದು ‘ಇರುವ ದಿಕ್ಕನ್ನು ತಿರುಗಿಸು’ ಎಂಬ ಆಜ್ಞೆ. ಈ ತಪ್ಪು ಕಂಡರೆ ಖುಷಿಪಡಿ, ತೊಡಕಿನ ಬೇರು ಸಿಕ್ಕಿದಂತಾಯಿತು.

ಮೂರು ಮೈನಸ್ ಇರುವ (−1) × (−2) × (−3) ಕೊಟ್ಟು ನೋಡಿ. ಮೂರು ತಿರುವು, ಮುಖ ಬಾಗಿಲಿಗೆ, ಆರು ಗುರುತು, −6. ನಾಲ್ಕು ಮೈನಸ್ ಇದ್ದರೆ? ಹತ್ತು? ತೊಂಬತ್ತೊಂಬತ್ತು? ಇಷ್ಟು ಹೊತ್ತಿಗೆ ಮಗು ನಡೆಯುವುದನ್ನು ಬಿಟ್ಟು ಸರಿಯೋ ಬೆಸವೋ ಎಂದು ಎಣಿಸತೊಡಗುತ್ತದೆ. ಎಣಿಸಲಿ.

ಸೂತ್ರ ಕೈಕೊಡುವ ಜಾಗ

“ಮೈನಸ್ ಮೈನಸ್ ಪ್ಲಸ್” ಎಂಬ ಬಾಯಿಪಾಠ ಮಾಡುವ ದೊಡ್ಡ ಅನಾಹುತ ಬೇರೆಯೇ ಇದೆ. ಅದನ್ನು ಕಲಿತ ವಾರದಲ್ಲೇ ಮಕ್ಕಳು −3 − 2 ಎಂಬ ಲೆಕ್ಕಕ್ಕೆ +5 ಎಂದು ಬರೆಯತೊಡಗುತ್ತಾರೆ. ಹಿಂದಿನ ವಾರ ಇದೇ ಲೆಕ್ಕವನ್ನು −5 ಎಂದು ಸರಿಯಾಗಿ ಮಾಡಿರುತ್ತಾರೆ. ಎರಡು ಮೈನಸ್ ಕಂಡವು, ಪ್ಲಸ್ ಬರೆದರು. ಸೂತ್ರದಲ್ಲಿ ‘ಇಂಟು’ ಎಂಬ ಪದ ಬಾಯಿಂದ ಬಾಯಿಗೆ ಸಾಗುವಾಗ ಎಲ್ಲೋ ಉದುರಿ ಹೋಗಿರುತ್ತದೆ.

ತಾರಸಿಯ ಗೆರೆಯ ಮೇಲೆ ಎರಡನ್ನೂ ಅಕ್ಕಪಕ್ಕ ಮಾಡಿಸಿ. ಕೂಡಿಸುವುದು ಎಂದರೆ ಒಂದರ ನಂತರ ಒಂದು ಪ್ರಯಾಣ. −3 ಎಂದರೆ ಬಾಗಿಲ ಕಡೆಗೆ ಮೂರು ಗುರುತು. ಅಲ್ಲಿಂದಲೇ ಬಾಗಿಲ ಕಡೆಗೆ ಇನ್ನೂ ಎರಡು. ನಿಂತದ್ದು −5ರ ಮೇಲೆ. ಎರಡು ಸಲ ಒಂದೇ ಕಡೆಗೆ ಹೋದವರು ಇನ್ನೂ ದೂರ ಹೋಗುತ್ತಾರೆ, ವಾಪಸು ಬರುವುದಿಲ್ಲ. ಗುಣಿಸುವಾಗ ಮೈನಸ್ ತಿರುಗಿಸುತ್ತದೆ. ಇಲ್ಲಿ ಅದು ಹೋಗಬೇಕಾದ ಕಡೆಯನ್ನು ಹೇಳುತ್ತದೆ, ಮತ್ತೆ ಮತ್ತೆ ಹೇಳಿದರೂ ಕಡೆ ಅದೇ.

ಮಗುವಿಗೆ ನಿಜವಾಗಿ ಅರ್ಥವಾಗಿದೆಯೇ ಎಂದು ತಿಳಿಯಲು ನನಗೆ ಗೊತ್ತಿರುವ ಒಳ್ಳೆಯ ಪರೀಕ್ಷೆ ಇದೇ: ಒಂದು ಚೀಟಿಯಲ್ಲಿ (−3) × (−2), −3 − 2 ಮತ್ತು −3 − (−2) ಮೂರನ್ನೂ ಒಟ್ಟಿಗೆ ಕೊಡಿ. ಉತ್ತರಗಳು 6, −5, −1. ಮೂರಕ್ಕೂ ಪ್ಲಸ್ ಬಂದರೆ ಸೂತ್ರ ಮಾತ್ರ ಕಲಿತಿದ್ದಾರೆ, ಗೆರೆಗೆ ವಾಪಸು ಕರೆದುಕೊಂಡು ಹೋಗಿ. ಮೂರನೆಯದರಲ್ಲಿ ಎಡವಿದರೆ ಕೇರಂ ಕಾಯಿಗೆ: ಮೂರು ಕಪ್ಪಿನಿಂದ ಎರಡು ಕಪ್ಪು ತೆಗೆದರೆ ಒಂದು ಕಪ್ಪು.

ವರ್ಗದ ಚಿಹ್ನೆ ಇರುವಲ್ಲಿ ದೊಡ್ಡವರೂ ಮುಗ್ಗರಿಸುತ್ತಾರೆ. (−3)² ಎಂದರೆ (−3) × (−3), ಎರಡು ತಿರುವು, 9. ಆವರಣವಿಲ್ಲದ −3² ಎಂದರೆ, ಶಾಲೆಯ ಪುಸ್ತಕದ ರೂಢಿಯಂತೆ, ಮೂರರ ವರ್ಗ ಮಾಡಿ ಆಮೇಲೆ ಒಂದು ಸಲ ತಿರುಗುವುದು, −9. ತಮಾಷೆಯೆಂದರೆ ಕಂಪ್ಯೂಟರುಗಳಲ್ಲೂ ಒಮ್ಮತವಿಲ್ಲ. ಎಕ್ಸೆಲ್‌ನ ಮನೆಯೊಳಗೆ ಇದನ್ನು ಬರೆದರೆ 9 ಬರುತ್ತದೆ:

```
=-3^2
```

ಪೈಥಾನ್‌ನಲ್ಲಿ ಇದನ್ನು ಬರೆದರೆ −9:

```
print(-3**2)
```

ಅನುಮಾನವಿದ್ದಲ್ಲಿ ಆವರಣ ಹಾಕಿಬಿಡುವುದು ಕ್ಷೇಮ.

ಇನ್ನೂ ನಂಬದವರಿಗೆ ಎಂಟು ಏಳ್ಲ

ಉತ್ತರ −6 ಎಂದೇ ಇಟ್ಟುಕೊಂಡರೆ ಏನು ಗಂಟು ಹೋಗುತ್ತದೆ ಎನ್ನುವವರು ಇದ್ದೇ ಇರುತ್ತಾರೆ. ಅವರನ್ನು ಎಂಟು ಏಳ್ಲ ಎಷ್ಟು ಎಂದು ಕೇಳಿ. ಐವತ್ತಾರು. ಈಗ ಎಂಟನ್ನು 10 − 2 ಎಂದೂ ಏಳನ್ನು 10 − 3 ಎಂದೂ ಬರೆಯಿರಿ. ಗುಣಿಸಿದರೆ ನಾಲ್ಕು ತುಂಡು ಬರುತ್ತವೆ: 10 × 10 = 100; 10 × (−3) = −30; (−2) × 10 = −20; ಕೊನೆಯದಾಗಿ (−2) × (−3). ಮೊದಲ ಮೂರು ಸೇರಿ 50. ಕೊನೆಯದು −6 ಆದರೆ ಎಂಟು ಏಳ್ಲ ನಲವತ್ತನಾಲ್ಕು ಆಗಬೇಕಾಗುತ್ತದೆ. +6 ಆದರೆ ಮಾತ್ರ ಐವತ್ತಾರು.

ಆ ಆರು ಎಲ್ಲಿಂದ ಬಂತು ಎಂದು ಕಣ್ಣಿಗೆ ಕಾಣಬೇಕಾದರೆ ಮೈಸೂರುಪಾಕಿನ ತಟ್ಟೆಯೊಂದನ್ನು ನೆನೆಸಿಕೊಳ್ಳಿ. ಉದ್ದಕ್ಕೆ ಹತ್ತು, ಅಡ್ಡಕ್ಕೆ ಹತ್ತು, ಒಟ್ಟು ನೂರು ತುಂಡು ಕತ್ತರಿಸಿದ್ದಾರೆ. ಕೆಳಗಿನ ಎರಡು ಸಾಲನ್ನು ಪಕ್ಕದ ಮನೆಗೆ ಕೊಟ್ಟಿರಿ, ಇಪ್ಪತ್ತು ಹೋಯಿತು. ಬಲಬದಿಯ ಮೂರು ಕಂಬಸಾಲನ್ನು ಎದುರು ಮನೆಗೆ ಎಂದು ಮೂವತ್ತು ಕಳೆದಿರಿ. ಆದರೆ ಮೂಲೆಯ ಆರು ತುಂಡು ಎರಡೂ ಲೆಕ್ಕದಲ್ಲಿ ಸೇರಿಬಿಟ್ಟಿದೆ. ಇದ್ದದ್ದು ಒಂದೇ ಸಲ, ಕಳೆದದ್ದು ಎರಡು ಸಲ. ತಟ್ಟೆಯಲ್ಲಿ ಉಳಿದದ್ದು ಎಷ್ಟೆಂದು ಸರಿಯಾಗಿ ಹೇಳಬೇಕಾದರೆ ಆ ಆರನ್ನು ಮತ್ತೆ ಕೂಡಿಸಲೇಬೇಕು. ಎಣಿಸಿ ನೋಡಿದರೆ ಎಂಟು ಸಾಲು, ಸಾಲಿಗೆ ಏಳು.

ಈ ನಿಯಮ ನಮ್ಮಲ್ಲಿ ಹೊಸದಲ್ಲ. ಭಿಲ್ಲಮಾಲದ ಬ್ರಹ್ಮಗುಪ್ತ 628ರಲ್ಲೇ ಧನ, ಋಣ, ಶೂನ್ಯ ಮೂರರ ಲೆಕ್ಕಕ್ಕೂ ನಿಯಮ ಬರೆದಿಟ್ಟ. ಎರಡು ಋಣಗಳ ಗುಣಲಬ್ಧ ಧನ ಎಂಬುದು ಅವುಗಳಲ್ಲೊಂದು. ಸುಮಾರು 850ರ ಹೊತ್ತಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಇದನ್ನೇ ಹೇಳಿ ಮುಂದಿನ ಮಾತೊಂದನ್ನೂ ಸೇರಿಸಿದ. ಧನದ ವರ್ಗವೂ ಧನ, ಋಣದ ವರ್ಗವೂ ಧನ. ಋಣ ಎಂಬುದು ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದ.

ನಮ್ಮ ತಾರಸಿಯ ಭಾಷೆಯಲ್ಲಿ ಹೇಳುವುದಾದರೆ: ಯಾವ ಆಜ್ಞೆಯನ್ನು ಎರಡು ಸಲ ಕೊಟ್ಟರೆ ಒಂದು ‘ಹಿಂದೆ ತಿರುಗು’ ಆಗುತ್ತದೆ? ಸುಮ್ಮನೆ ನಿಂತರೆ ಆಗುವುದಿಲ್ಲ. ಹಿಂದೆ ತಿರುಗನ್ನೇ ಎರಡು ಸಲ ಕೊಟ್ಟರೂ ಆಗುವುದಿಲ್ಲ, ಮುಖ ಮತ್ತೆ ತುಳಸಿಗೇ ಬರುತ್ತದೆ. ಗೆರೆಯ ಮೇಲಿರುವವರೆಗೆ ಮಹಾವೀರನ ಮಾತೇ ಸರಿ. ನಾನು ಇದನ್ನು ಅಕ್ಕನ ಮಗಳಿಗೆ ಕೇಳಿದಾಗ ಅವಳು ತುಳಸಿಯನ್ನು ನೋಡುತ್ತ ನಿಂತಿದ್ದಳು. ಸ್ವಲ್ಪ ಯೋಚಿಸಿ, ಕವಾಯತಿನ ದನಿಯಲ್ಲಿ ತನಗೆ ತಾನೇ “ಎಡಕ್ಕೆ ತಿರುಗು” ಎಂದು ಹೇಳಿಕೊಂಡು ತಿರುಗಿದಳು. ಡೆನ್ಮಾರ್ಕಿನಲ್ಲಿ ಭೂಮಾಪಕನಾಗಿದ್ದ ಕ್ಯಾಸ್ಪರ್ ವೆಸೆಲ್ ಎಂಬಾತ ಅಲ್ಲಿನ ವಿದ್ವತ್ ಅಕಾಡೆಮಿಯ ಮುಂದೆ 1797ರಲ್ಲಿ ಇಟ್ಟ ಯೋಚನೆಯೂ ಇದೇ: ಕಾಲು ಸುತ್ತು ಎರಡು ಸಲ ಸುತ್ತಿದರೆ ಅರ್ಧ ಸುತ್ತು. ಅವಳಿಗೆ ನಾನು ಅದನ್ನು ಹೇಳಲು ಹೋಗಲಿಲ್ಲ. ಅವಳು ಗೆರೆಯನ್ನು ಬಿಟ್ಟು, ಗುರುತೇ ಇಲ್ಲದ ಉತ್ತರ ದಿಕ್ಕಿಗೆ, ನೀರಿನ ಟ್ಯಾಂಕಿನ ಕಡೆಗೆ ಮುಖ ಮಾಡಿ ನಿಂತು, “ಮಾವ, ಇಲ್ಲಿ ಯಾವ ಸಂಖ್ಯೆ ಇದೆ?” ಎಂದು ಕೇಳುತ್ತಿದ್ದಳು.